ಕೆಲಸ ಹೋಗಿದೆ, ಫೀಸು ಬಾಕಿ ಇದೆ: ಕಂತು ಕೇಳಿ ಶಾಲೆಗೆ ಏನಂತ ಬರೆಯಲಿ?

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ 11 ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಆಗಸ್ಟ್ 14ಕ್ಕೆ ನಮ್ಮ ಲೈನ್ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಮಗಳು 8ನೇ ಕ್ಲಾಸು, ಮಗ 3ನೇ ಕ್ಲಾಸು, ಇಬ್ಬರೂ ಒಂದೇ ಖಾಸಗಿ ಶಾಲೆ. ವರ್ಷದ ಫೀಸು ಇಬ್ಬರದೂ ಸೇರಿ 1,10,000 ರೂಪಾಯಿ. ಮೇ ತಿಂಗಳಲ್ಲಿ 44,000 ಕಟ್ಟಿದ್ದೇನೆ. ಬಾಕಿ 66,000ದಲ್ಲಿ ಅರ್ಧ ಸೆಪ್ಟೆಂಬರ್ 10ಕ್ಕೆ, ಇನ್ನರ್ಧ ಡಿಸೆಂಬರ್ 10ಕ್ಕೆ ಕಟ್ಟಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಕೈಯಲ್ಲಿ 52,000 ಇದೆ. ಕಂಪನಿಯಿಂದ 60,000 ಬರಬೇಕು, 45 ದಿನ ಆಗುತ್ತೆ ಅಂದಿದ್ದಾರೆ. ಹೆಂಡತಿಗೆ ಹೊಲಿಗೆಯಿಂದ ತಿಂಗಳಿಗೆ 9,000 ಸಿಗುತ್ತೆ. ಮನೆ ಖರ್ಚು 31,000. "ಕೆಲಸ ಸಿಕ್ಕಿದ ಮೇಲೆ ಎಲ್ಲಾ ಕಟ್ತೀನಿ ಅಂತ ಬರೆದುಕೊಡು, ಸಾಕು" ಅಂತಾನೆ ಗೆಳೆಯ. ಮಕ್ಕಳನ್ನು ಕ್ಲಾಸಲ್ಲಿ ನಿಲ್ಲಿಸಿ ಕೇಳಿಬಿಟ್ಟರೆ ಅನ್ನೋದು ನನ್ನ ಭಯ. ಪತ್ರ ಹೇಗಿರಬೇಕು?

ಉತ್ತರ: ನಿಮ್ಮ ಗೆಳೆಯ ಹೇಳಿದ ಆ ಒಂದು ಸಾಲನ್ನು ಮಾತ್ರ ಬರೆಯಬೇಡಿ. ಖಾಸಗಿ ಶಾಲೆಯ ಅಕೌಂಟ್ಸ್ ಕೌಂಟರಿನ ಒಳಗಡೆ 19 ವರ್ಷ ಕೂತವನು ನಾನು. ಇಂಥ ಪತ್ರಗಳು ನನ್ನ ಟೇಬಲ್ಲಿಗೆ ಎಷ್ಟೋ ಬಂದಿವೆ. "ಕೆಲಸ ಸಿಕ್ಕಿದ ಮೇಲೆ ಕಟ್ಟುತ್ತೇನೆ" ಅಂತಿದ್ದ ಪತ್ರವನ್ನು ನಾವು ಫೈಲಿಗೆ ಹಾಕುತ್ತಿದ್ದೆವು, ಅಷ್ಟೇ. ಅದರಿಂದ ಮಾಡೋಕೆ ಬೇರೇನೂ ಇರುತ್ತಿರಲಿಲ್ಲ. ತಾರೀಖಿಲ್ಲ, ಮೊತ್ತವಿಲ್ಲ. ಲೆಡ್ಜರಿನಲ್ಲಿ ಏನಂತ ಬರೆಯೋದು?

ಶಾಲೆಯ ಕಡೆಯಿಂದ ಸ್ವಲ್ಪ ನೋಡಿ. ಮಧ್ಯಮ ಗಾತ್ರದ ಖಾಸಗಿ ಶಾಲೆಯಲ್ಲಿ ಟೀಚರುಗಳ ಸಂಬಳ ಬರೋದು ಫೀಸಿನಿಂದಲೇ. ದುಡ್ಡು ತಡವಾಗಿ ಬರುತ್ತೆ ಅನ್ನೋದಕ್ಕಿಂತ, ಯಾವಾಗ ಬರುತ್ತೆ ಅಂತ ಗೊತ್ತಿಲ್ಲ ಅನ್ನೋದು ಅವರಿಗೆ ಜಾಸ್ತಿ ತಲೆನೋವು. ಅದಕ್ಕೇ ಕಷ್ಟದ ಕಥೆ ಎರಡು ಪುಟ ಇದ್ದರೂ ಕಾರ್ಯದರ್ಶಿಯವರು ನೋಡುತ್ತಿದ್ದದ್ದು ಒಂದೇ: ಯಾವ ದಿನ ಎಷ್ಟು? ಆ ಉತ್ತರ ಪತ್ರದಲ್ಲೇ ಇದ್ದರೆ ಅಲ್ಲೇ ಪಕ್ಕದಲ್ಲಿ ಸಹಿ ಹಾಕಿ ಕಳಿಸುತ್ತಿದ್ದರು. ಇಲ್ಲದಿದ್ದರೆ "ಬಂದು ಮಾತಾಡಲು ಹೇಳಿ" ಅಂತ ಬರೆಯುತ್ತಿದ್ದರು. ಮಾತಿಗೆ ಹೋದರೆ ಅವರು ಹೇಳಿದ ತಾರೀಖಿಗೆ ನೀವು ತಲೆ ಆಡಿಸಿ ಬರಬೇಕಾಗುತ್ತೆ.

ಹಾಗಾಗಿ ಪತ್ರಕ್ಕಿಂತ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆ ಖರ್ಚು 31,000, ಮನೆಯವರ ದುಡಿಮೆ 9,000. ಅಂದರೆ ಪ್ರತಿ ತಿಂಗಳು 22,000 ಕೈಯಿಂದ ಹೋಗುತ್ತೆ. ಸೆಪ್ಟೆಂಬರಿನಲ್ಲಿ ಮರ್ಯಾದೆಗೆ ಅಂಜಿ 33,000 ಕಟ್ಟಿಬಿಟ್ಟರೆ ಉಳಿಯೋದು 19,000. ಅದು ಒಂದು ತಿಂಗಳಿಗೂ ಸಾಲದು. ಕಂಪನಿ ದುಡ್ಡು ಒಂದು ವಾರ ತಡವಾದರೂ ಸಾಲಕ್ಕೆ ಕೈ ಚಾಚಬೇಕು. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಮೊದಲ ಕಂತು ದೊಡ್ಡದಾಗಿ ಕಟ್ಟಿ, ಎರಡನೆಯದಕ್ಕೆ ಮುಖ ತೋರಿಸದೆ ಓಡಾಡುತ್ತಾರೆ.

ಅದರ ಬದಲು ಹೀಗೆ ಮಾಡಿ. ಸೆಪ್ಟೆಂಬರ್ 10ಕ್ಕೆ 8,000. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ತಲಾ 5,000. ಜನವರಿಗೆ 10,000. ಫೆಬ್ರವರಿ, ಮಾರ್ಚ್‌ಗೆ 16,500ರ ಹಾಗೆ ಎರಡು. ಕೂಡಿ ನೋಡಿ, ಸರಿಯಾಗಿ 66,000. ಈಗ ಇದೇ ಲೆಕ್ಕವನ್ನು ನಿಮ್ಮ ಮನೆಯ ದುಡ್ಡಿನ ಮೇಲೆ ಓಡಿಸೋಣ. ಸೆಪ್ಟೆಂಬರ್ ಕೊನೆಗೆ 22,000 ಉಳಿಯುತ್ತೆ. ಅಕ್ಟೋಬರಿನಲ್ಲಿ ಕಂಪನಿಯ 60,000 ಬಂದರೆ, ಖರ್ಚು ಮತ್ತು ಕಂತು ಕಳೆದು ತಿಂಗಳ ಕೊನೆಗೆ 55,000. ನವೆಂಬರ್ ಕೊನೆಗೆ 28,000. ಡಿಸೆಂಬರ್ ಕೊನೆಗೆ 1,000. ಅಂದರೆ ಒಂದು ರೂಪಾಯಿಯ ಹೊಸ ಸಂಪಾದನೆ ಇಲ್ಲದಿದ್ದರೂ ಡಿಸೆಂಬರ್‌ವರೆಗಿನ ಮಾತನ್ನು ನೀವು ಉಳಿಸಿಕೊಳ್ಳಬಹುದು. ಜನವರಿಯಿಂದ ಮಾತ್ರ ಕೆಲಸ ಬೇಕೇ ಬೇಕು. ಅದನ್ನು ಮುಚ್ಚಿಡದೆ ಪತ್ರದಲ್ಲೇ ಹೇಳಿಬಿಡೋಣ. ಇಷ್ಟು ಸಣ್ಣ ಕಂತಿಗೆ ಶಾಲೆ ಒಪ್ಪುತ್ತಾ? ಡಿಸೆಂಬರ್ ಕೊನೆಗೆ ವರ್ಷದ ಫೀಸಿನಲ್ಲಿ 67,000 ಸಂದಾಯವಾಗಿರುತ್ತೆ, ನೂರಕ್ಕೆ ಸುಮಾರು 61. ನಮ್ಮ ಕಡೆಯ ಯಾವ ಅಕೌಂಟೆಂಟೂ ಅದನ್ನು ಕೆಟ್ಟ ಖಾತೆ ಅನ್ನುವುದಿಲ್ಲ.

ಇನ್ನು ಪತ್ರ. ಯಾರಿಗೆ ಬರೆಯಬೇಕು ಅನ್ನೋದರಲ್ಲೇ ಅರ್ಧ ಜನ ಎಡವುತ್ತಾರೆ. ದಿನಾ ಸಿಗೋದು ಪ್ರಿನ್ಸಿಪಾಲರು. ಫೀಸಿನ ತಾರೀಖು ಬದಲಿಸೋ ಅಧಿಕಾರ ಸಾಮಾನ್ಯವಾಗಿ ಇರೋದು ಟ್ರಸ್ಟಿನ ಕಾರ್ಯದರ್ಶಿಗೆ. ನೇರವಾಗಿ ಕಾರ್ಯದರ್ಶಿಗೆ ಹೋದರೆ ಪ್ರಿನ್ಸಿಪಾಲರಿಗೆ ಬೇಜಾರು. ಅದಕ್ಕೆ "ಪ್ರಿನ್ಸಿಪಾಲರ ಮೂಲಕ" ಅಂತ ಹಾಕಿ. ಕ್ಲಾಸ್ ಟೀಚರಿಗೆ ಮಾತ್ರ ಇದನ್ನು ಕೊಡಬೇಡಿ. ಅವರ ಕೈಯಲ್ಲಿ ಏನೂ ಇರೋದಿಲ್ಲ, ಸುಮ್ನೆ ಸ್ಟಾಫ್ ರೂಮಿನಲ್ಲಿ ಮಾತಾಗುತ್ತೆ.

ನಿಮ್ಮ ವಿವರಕ್ಕೆ ಹೊಂದಿಸಿ ಪೂರ್ತಿ ಬರೆದುಕೊಡುತ್ತೇನೆ. ಒಂದು ಪುಟ ದಾಟಿಲ್ಲ ನೋಡಿ.

ಗೆ,
ಕಾರ್ಯದರ್ಶಿಗಳು, ಆಡಳಿತ ಮಂಡಳಿ
(ಪ್ರಿನ್ಸಿಪಾಲರ ಮೂಲಕ)
(ಶಾಲೆಯ ಹೆಸರು, ವಿಳಾಸ, ತಾರೀಖು)

ವಿಷಯ: 8ನೇ ಮತ್ತು 3ನೇ ತರಗತಿಯ ಇಬ್ಬರು ಮಕ್ಕಳ ಬಾಕಿ ಫೀಸು 66,000 ರೂ. ಅನ್ನು ಏಳು ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ.

ಮಾನ್ಯರೇ,

ನನ್ನ ಮಗಳು (ಹೆಸರು, 8ನೇ ತರಗತಿ, ದಾಖಲಾತಿ ಸಂಖ್ಯೆ) ಮತ್ತು ಮಗ (ಹೆಸರು, 3ನೇ ತರಗತಿ, ದಾಖಲಾತಿ ಸಂಖ್ಯೆ) ತಮ್ಮ ಶಾಲೆಯಲ್ಲಿ ಓದುತ್ತಿದ್ದಾರೆ. ಈ ವರ್ಷದ ಒಟ್ಟು ಫೀಸು 1,10,000 ರೂ. ಇದರಲ್ಲಿ 44,000 ರೂ. ಅನ್ನು ಮೇ ತಿಂಗಳಲ್ಲಿ ಕಟ್ಟಿರುತ್ತೇನೆ (ರಸೀದಿ ಸಂಖ್ಯೆ).

ನಾನು ಕೆಲಸ ಮಾಡುತ್ತಿದ್ದ ಘಟಕ ಮುಚ್ಚಿದ್ದರಿಂದ ಆಗಸ್ಟ್ 14ರಿಂದ ನನಗೆ ಕೆಲಸವಿಲ್ಲ. ಕಂಪನಿ ಕೊಟ್ಟ ಪತ್ರದ ನಕಲನ್ನು ಲಗತ್ತಿಸಿದ್ದೇನೆ. ಫೀಸಿನಲ್ಲಿ ರಿಯಾಯಿತಿ ಕೇಳುತ್ತಿಲ್ಲ. ಪೂರ್ತಿ ಬಾಕಿಯನ್ನು ಇದೇ ಶೈಕ್ಷಣಿಕ ವರ್ಷದೊಳಗೆ ಈ ಕೆಳಗಿನಂತೆ ಕಟ್ಟುತ್ತೇನೆ:

ಸೆಪ್ಟೆಂಬರ್ 10: 8,000 ರೂ.
ಅಕ್ಟೋಬರ್ 10: 5,000 ರೂ.
ನವೆಂಬರ್ 10: 5,000 ರೂ.
ಡಿಸೆಂಬರ್ 10: 5,000 ರೂ.
ಜನವರಿ 10: 10,000 ರೂ.
ಫೆಬ್ರವರಿ 10: 16,500 ರೂ.
ಮಾರ್ಚ್ 10: 16,500 ರೂ.

ಡಿಸೆಂಬರ್‌ವರೆಗಿನ ಕಂತುಗಳು ನನ್ನ ಈಗಿನ ಉಳಿತಾಯ ಮತ್ತು ಕಂಪನಿಯಿಂದ ಬರಬೇಕಾದ ಹಣದ ಲೆಕ್ಕದಲ್ಲಿವೆ. ಜನವರಿಯಿಂದಾಚೆಯ ಕಂತುಗಳು ನನಗೆ ಹೊಸ ಕೆಲಸ ಸಿಗುವುದನ್ನು ಅವಲಂಬಿಸಿವೆ. ಜನವರಿ 5ರೊಳಗೆ ಖುದ್ದಾಗಿ ಬಂದು ನನ್ನ ಕೆಲಸದ ಸ್ಥಿತಿಯನ್ನು ತಿಳಿಸುತ್ತೇನೆ. ಮೊದಲೇ ಕೆಲಸ ಸಿಕ್ಕಿದರೆ ಕಂತಿನ ಮೊತ್ತ ಹೆಚ್ಚಿಸುತ್ತೇನೆ.

ಮೇಲಿನ ತಾರೀಖುಗಳಿಗೆ ಹಣ ಕಟ್ಟುವವರೆಗೆ ತಡಪಾವತಿ ದಂಡ ವಿಧಿಸದಂತೆ ಹಾಗೂ ಪ್ರತಿ ಕಂತನ್ನು ಇಬ್ಬರು ಮಕ್ಕಳ ಖಾತೆಗೂ ಹಂಚಿ ಜಮಾ ಮಾಡುವಂತೆ ಕೋರುತ್ತೇನೆ. ಫೀಸಿನ ವಿಷಯದಲ್ಲಿ ಏನೇ ಕೇಳಬೇಕಿದ್ದರೂ ದಯವಿಟ್ಟು ನನಗೆ ಅಥವಾ ನನ್ನ ಪತ್ನಿಗೆ ಫೋನ್ ಮಾಡಿ. ಮಕ್ಕಳಿಗೆ ಈ ವಿಷಯ ತಿಳಿಸಿಲ್ಲ.

ಈ ಪತ್ರಕ್ಕೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ಇಬ್ಬರ ಫೋನ್ ನಂಬರು)

ಇದರಲ್ಲಿ ಒಂದೆರಡು ಸಾಲು ಯಾಕೆ ಇವೆ ಅಂತ ಹೇಳಬೇಕು. "ರಿಯಾಯಿತಿ ಕೇಳುತ್ತಿಲ್ಲ" ಅನ್ನೋದು ಬಹಳ ಕೆಲಸ ಮಾಡುತ್ತೆ. ರಿಯಾಯಿತಿ ಅಂದರೆ ಟ್ರಸ್ಟ್ ಮೀಟಿಂಗಿಗೆ ಹೋಗಬೇಕು, ಒಬ್ಬರಿಗೆ ಕೊಟ್ಟರೆ ಹತ್ತು ಜನ ಬರುತ್ತಾರೆ ಅನ್ನೋ ಮಾತು ಬರುತ್ತೆ. ತಾರೀಖು ಬದಲಿಸೋದಕ್ಕೆ ಒಬ್ಬರ ಸಹಿ ಸಾಕು.

ಇಬ್ಬರ ಖಾತೆಗೂ ಹಂಚಿ ಅನ್ನೋದು ಹೊರಗಿನವರಿಗೆ ಹೊಳೆಯೋದಿಲ್ಲ. ನೀವು ಒಂದೇ ಮನೆ, ಒಂದೇ ಜೇಬು. ಶಾಲೆಯ ಸಾಫ್ಟ್‌ವೇರಿನಲ್ಲಿ ಮಾತ್ರ ಮಗಳು ಬೇರೆ, ಮಗ ಬೇರೆ. ಕೌಂಟರಿನಲ್ಲಿ ಕೂತವರು 8,000ವನ್ನೂ ಅವಸರದಲ್ಲಿ ಮಗಳ ಖಾತೆಗೆ ಹಾಕಿದರೆ, ಮಗನ ಹೆಸರು ಏನೂ ಕಟ್ಟದವರ ಪಟ್ಟಿಗೆ ಹೋಗುತ್ತೆ. ಆ ಪಟ್ಟಿ ಹೋಗೋದು ನೇರವಾಗಿ ಕ್ಲಾಸ್ ಟೀಚರಿಗೆ. ಮಗಳಿಗೆ 4,500, ಮಗನಿಗೆ 3,500 ಅಂತ ಬಾಯಲ್ಲೂ ಹೇಳಿ, ಎರಡು ರಸೀದಿ ಕೇಳಿ ತೆಗೆದುಕೊಳ್ಳಿ.

ಈ ಪಟ್ಟಿಯ ವಿಷಯಕ್ಕೆ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಒಬ್ಬ ತಾಯಿ, ಗಂಡನ ಕೆಲಸ ಹೋಗಿತ್ತು, ಪ್ರಿನ್ಸಿಪಾಲರನ್ನು ಕಂಡು ಹೋಗಿದ್ದರು. "ಆಯ್ತಮ್ಮ, ನಿಧಾನಕ್ಕೆ ಕಟ್ಟಿ" ಅಂದಿದ್ದರು ಅವರು. ಒಳ್ಳೇ ಮನಸ್ಸಿನಿಂದಲೇ ಅಂದಿದ್ದರು. ನನಗೆ ಹೇಳಲು ಮರೆತರು. 11ನೇ ತಾರೀಖು ಎಂದಿನಂತೆ ನಾನು ಬಾಕಿ ಪಟ್ಟಿ ಪ್ರಿಂಟ್ ತೆಗೆದು ಕ್ಲಾಸುಗಳಿಗೆ ಕಳಿಸಿದೆ. ಹೊಸ ಟೀಚರು ಅದನ್ನು ಗಟ್ಟಿಯಾಗಿ ಓದಿಬಿಟ್ಟರು. ಮಾರನೇ ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಆ ತಾಯಿ ಬಂದರು. ಕೌಂಟರಿನ ಆಚೆ ನಿಂತು ಏನೂ ಅನ್ನಲಿಲ್ಲ, ಕೈಯಲ್ಲಿದ್ದ ಎರಡು ಬಳೆ ತೋರಿಸಿ, "ಇವನ್ನು ಇಟ್ಟು ನಾಳೆ ತರ್ತೀನಿ ಸರ್" ಅಂದರು. ಪ್ರಿನ್ಸಿಪಾಲರ ಒಪ್ಪಿಗೆ ಒಂದು ಚೀಟಿಯಲ್ಲಿ ಇದ್ದಿದ್ದರೂ ಅವರ ಮಗನ ಹೆಸರಿನ ಮುಂದೆ ನಾನು ಗುರುತು ಹಾಕಿಕೊಳ್ಳುತ್ತಿದ್ದೆ.

ಆದ್ದರಿಂದ ಪತ್ರದ ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಶಾಲೆಯ ಸೀಲು, ತಾರೀಖು, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಸೆಪ್ಟೆಂಬರ್ 10ರವರೆಗೆ ಕಾಯಬೇಡಿ, ಒಂದು ವಾರ ಮೊದಲೇ ಕೊಡಿ. ಆಗ ನೀವು ಇನ್ನೂ ಬಾಕಿದಾರರಲ್ಲ. 8,000ವನ್ನು ಅದೇ ದಿನ ಕಟ್ಟಿಬಿಟ್ಟರೆ ಇನ್ನೂ ಒಳ್ಳೇದು. ದುಡ್ಡಿನ ಜೊತೆ ಬಂದ ಪತ್ರವನ್ನು ಯಾರೂ ಪಕ್ಕಕ್ಕೆ ಇಡೋದಿಲ್ಲ. ಲಗತ್ತಿಗೆ ಕಂಪನಿಯ ಪತ್ರ ಒಂದು ಸಾಕು. ಅದರಲ್ಲಿ ಸಂಬಳದ ಅಂಕಿ ಇದ್ದರೆ ಮುಚ್ಚಿ ಜೆರಾಕ್ಸ್ ಮಾಡಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳದೆ ಕೊಡಬೇಡಿ. ಸಾಲ ಎಷ್ಟಿದೆ, ಅಮ್ಮನ ಔಷಧಿಗೆ ಎಷ್ಟಾಗುತ್ತೆ, ಅದೆಲ್ಲ ಶಾಲೆಯ ಫೈಲಿನಲ್ಲಿ ಇರಬೇಕಾಗಿಲ್ಲ.

ಒಪ್ಪಿಗೆ ಬಂದ ಮೇಲೂ ಒಂದು ಕಡೆ ಕಣ್ಣಿಡಿ. ಅಕ್ಟೋಬರಿನ ರಸೀದಿ ಕೈಗೆ ಬಂದ ಕೂಡಲೇ ದಂಡದ ಕಾಲಂ ನೋಡಿ. ಕಾರ್ಯದರ್ಶಿ ಸಹಿ ಹಾಕಿದರೂ ಕಂಪ್ಯೂಟರಿನಲ್ಲಿ ಹಳೇ ತಾರೀಖು ಹಾಗೇ ಉಳಿದಿದ್ದರೆ ಅದು ದಿನಕ್ಕೆ 50ರ ಹಾಗೆ ಎಣಿಸುತ್ತಲೇ ಇರುತ್ತೆ. ತಿಂಗಳಿಗೆ 1,500. ಎಷ್ಟೋ ಸಾಫ್ಟ್‌ವೇರುಗಳು ಬಂದ ದುಡ್ಡನ್ನು ಮೊದಲು ದಂಡಕ್ಕೆ ಜಮಾ ಮಾಡಿ, ಉಳಿದದ್ದನ್ನು ಫೀಸಿಗೆ ಹಾಕುತ್ತವೆ. ನೀವು 5,000 ಕಟ್ಟಿದರೂ ಬಾಕಿ ಇಳಿಯೋದು 3,500 ಮಾತ್ರ. ಮೊದಲ ತಿಂಗಳಲ್ಲೇ ಕಂಡುಹಿಡಿದರೆ ಐದು ನಿಮಿಷದಲ್ಲಿ ಸರಿಮಾಡುತ್ತಾರೆ. ಮಾರ್ಚಿನಲ್ಲಿ ಕಂಡರೆ ಜಗಳ.

ಈಗ ಶಾಲೆಯವರು ತಿರುಗಿ ಏನು ಹೇಳಬಹುದು ಅನ್ನೋದಕ್ಕೆ ಬರೋಣ. ಎರಡು ಮಾತು ಬರುತ್ತೆ, ಎರಡಕ್ಕೂ ತಕ್ಷಣ ಹೂಂ ಅನ್ನಬೇಡಿ.

ಒಂದು, "ಕಂತು ಕೊಡ್ತೀವಿ, ಮುಂದಿನ ತಾರೀಖಿನ ಚೆಕ್ಕುಗಳನ್ನು ಈಗಲೇ ಕೊಟ್ಟುಬಿಡಿ." ಕೇಳೋಕೆ ಸರಳ. ಆದರೆ ಚೆಕ್ಕು ಬೌನ್ಸ್ ಆದರೆ ಅದು ಬರೀ ಫೀಸಿನ ಬಾಕಿಯಾಗಿ ಉಳಿಯೋದಿಲ್ಲ. ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೇಸು ಹಾಕಬಹುದು. ಬ್ಯಾಂಕಿನಿಂದ ಚೆಕ್ಕು ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ಅವರು ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನದಲ್ಲಿ ನೀವು ಕಟ್ಟದಿದ್ದರೆ ಕೋರ್ಟಿಗೆ ಹೋಗಬಹುದು. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಶಾಲೆಗಳು ಅಲ್ಲಿಯವರೆಗೆ ಹೋಗೋದು ಅಪರೂಪ. ಆದರೂ ಕೆಲಸವಿಲ್ಲದವನು ಫೆಬ್ರವರಿಯ 16,500ಕ್ಕೆ ಸೆಪ್ಟೆಂಬರಿನಲ್ಲಿ ಸಹಿ ಹಾಕಿ ಕೊಡೋದು ಬುದ್ಧಿವಂತಿಕೆಯಲ್ಲ. ಬಹಳ ಒತ್ತಾಯ ಮಾಡಿದರೆ ಡಿಸೆಂಬರ್‌ವರೆಗಿನ ಮೂರು ಚೆಕ್ಕು ಕೊಡಿ. ಆ ದುಡ್ಡು ನಿಮ್ಮ ಲೆಕ್ಕದಲ್ಲಿದೆ. ಉಳಿದದ್ದು ಜನವರಿ 5ಕ್ಕೆ ಬಂದಾಗ ಕೊಡುತ್ತೇನೆ ಅನ್ನಿ.

ಇನ್ನೊಂದು, ಈಗಿನ ಕಾಲದ್ದು. "ನಮ್ಮಲ್ಲಿ ಇಎಂಐ ಸೌಲಭ್ಯ ಇದೆ ಸರ್, ಈ ಲಿಂಕ್ ಒತ್ತಿ, ಬಡ್ಡಿ ಇಲ್ಲ." ಇದು ಶಾಲೆ ಕೊಡುವ ಕಂತಲ್ಲ, ಸಾಲ. ಫೈನಾನ್ಸ್ ಕಂಪನಿ ಶಾಲೆಗೆ ದುಡ್ಡನ್ನು ಮೊದಲೇ ಕೊಟ್ಟುಬಿಡುತ್ತೆ. ಅಲ್ಲಿಂದಾಚೆ ನೀವು ಶಾಲೆಗೆ ಬಾಕಿದಾರರಲ್ಲ, ಫೈನಾನ್ಸ್ ಕಂಪನಿಗೆ ಸಾಲಗಾರರು. ಒಂದು ಕಂತು ತಪ್ಪಿದರೆ ಪ್ರಿನ್ಸಿಪಾಲರ ಹತ್ತಿರ ಹೋಗಿ "ಒಂದು ವಾರ ಟೈಮ್ ಕೊಡಿ" ಅಂತ ಕೇಳೋಕಾಗೋದಿಲ್ಲ. ನಿಮ್ಮ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟಿರುತ್ತೀರಿ. ದುಡ್ಡಿಲ್ಲದೆ ಅದು ವಾಪಸಾದರೆ ಬ್ಯಾಂಕೂ ದಂಡ ಹಾಕುತ್ತೆ, ಕಂಪನಿಯೂ ಹಾಕುತ್ತೆ, ಸಿಬಿಲ್ ದಾಖಲೆಗೂ ಹೋಗುತ್ತೆ. ಅರ್ಜಿಯಲ್ಲಿ ಉದ್ಯೋಗ ಅನ್ನೋ ಕಡೆ ಹಳೇ ಕಂಪನಿಯ ಹೆಸರು ತುಂಬಿ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಅದಂತೂ ಬೇಡವೇ ಬೇಡ. ಗುರುತಿಸೋದು ಸುಲಭ: ಪ್ಯಾನ್ ನಂಬರು, ಸೆಲ್ಫಿ, ಬ್ಯಾಂಕ್ ಒಪ್ಪಿಗೆ ಕೇಳಿದರೆ ಅದು ಸಾಲ. ಸಂಬಳ ಬರುತ್ತಿರುವವರಿಗೆ ಅದು ಅನುಕೂಲವೇ ಇರಬಹುದು. ನಿಮಗೆ ಈಗ ಅದು ಬೇಡ. "ನಾನು ಕೇಳಿದ್ದು ಶಾಲೆಯ ಕಂತು, ಸಾಲ ಅಲ್ಲ ಸರ್" ಅಂತ ನೇರವಾಗಿ ಹೇಳಿ.

ನಿಮ್ಮ ದೊಡ್ಡ ಭಯ ಮಕ್ಕಳದ್ದು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೊಡೋದನ್ನು ನಿಷೇಧಿಸಿದೆ. 8ನೇ ತರಗತಿ ಮುಗಿಯೋವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅನ್ನುತ್ತೆ 16ನೇ ಸೆಕ್ಷನ್. ನಿಮ್ಮ ಇಬ್ಬರು ಮಕ್ಕಳೂ ಈ ವರ್ಷ ಅದರೊಳಗೇ ಬರುತ್ತಾರೆ. ಶಾಲೆ ಅಲ್ಪಸಂಖ್ಯಾತ ಸಂಸ್ಥೆಯಾಗಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಕೋವಿಡ್ ಸಮಯದ ಒಂದು ತೀರ್ಪನ್ನೂ ಯಾರಾದರೂ ನಿಮಗೆ ಕಳಿಸಬಹುದು. ರಾಜಸ್ಥಾನದ ಶಾಲೆಗಳ ಕೇಸು, 2021ರ ಮೇ. ಫೀಸನ್ನು ತಿಂಗಳಿಗೊಂದರ ಹಾಗೆ ಆರು ಕಂತಿನಲ್ಲಿ ಕಟ್ಟಿಸಿಕೊಳ್ಳಿ, ಅದೂ ಆಗದ ಪೋಷಕರು ಮನವಿ ಕೊಟ್ಟರೆ ಒಂದೊಂದನ್ನೂ ಸಹಾನುಭೂತಿಯಿಂದ ನೋಡಿ ಅಂತ ಕೋರ್ಟ್ ಹೇಳಿತ್ತು. ಅದು ಆ ಕೊರೊನಾ ವರ್ಷದ ಫೀಸಿನ ಮಾತು. ಈಗಿನ ನಿಮ್ಮ ಬಾಕಿಗೆ ಅದೇ ನಿಯಮ ಅಂತ ವಾದ ಮಾಡೋಕೆ ಹೋದರೆ ಅವರ ವಕೀಲರು ಒಂದೇ ನಿಮಿಷದಲ್ಲಿ ತಳ್ಳಿಹಾಕುತ್ತಾರೆ.

ಈ ಕಾನೂನನ್ನೆಲ್ಲ ಮೊದಲ ಪತ್ರದಲ್ಲಿ ಬರೆಯಬೇಡಿ. ಸೆಕ್ಷನ್ ಕಂಡ ಕೂಡಲೇ ಪತ್ರ ಕಾರ್ಯದರ್ಶಿಯ ಟೇಬಲ್ಲಿಂದ ವಕೀಲರ ಟೇಬಲ್ಲಿಗೆ ಹೋಗುತ್ತೆ, ಅಲ್ಲಿಂದ ಕಂತು ಬರೋದಿಲ್ಲ. "ಮಕ್ಕಳಿಗೆ ತಿಳಿಸಿಲ್ಲ" ಅನ್ನೋ ಸಾಲು ಸಾಕು. ಅದನ್ನು ಓದಿದ ಮೇಲೆ ಮಗುವನ್ನು ನಿಲ್ಲಿಸಿ ಕೇಳಿದರೆ ಗೊತ್ತಿದ್ದೂ ಮಾಡಿದ ಹಾಗಾಗುತ್ತೆ, ಅದು ಅವರಿಗೂ ಗೊತ್ತು. ಏಳು ದಿನ ಕಳೆದರೂ ಉತ್ತರ ಬರದಿದ್ದರೆ ಖುದ್ದಾಗಿ ಹೋಗಿ ಕಾರ್ಯದರ್ಶಿಯವರನ್ನು ಕಾಣಿ. ಅವರು ಬಾಯಲ್ಲಿ ಒಪ್ಪಿದರೆ ಅವತ್ತೇ ಸಂಜೆ ಶಾಲೆಯ ಇಮೇಲಿಗೆ ಎರಡು ಸಾಲು ಕಳಿಸಿ: ಇಂದು ಇಷ್ಟು ಹೊತ್ತಿಗೆ ಭೇಟಿಯಾಗಿದ್ದೆ, ನನ್ನ ಪತ್ರದ ಕಂತುಗಳಿಗೆ ತಾವು ಒಪ್ಪಿದ್ದೀರಿ, ಧನ್ಯವಾದ. ಯಾರೂ ಅದನ್ನು ಅಲ್ಲಗಳೆಯದಿದ್ದರೆ ಅದೇ ನಿಮ್ಮ ದಾಖಲೆ. ಇಷ್ಟಾದ ಮೇಲೂ ಮಗುವನ್ನು ಕ್ಲಾಸಿನಿಂದ ಹೊರಗೆ ಕೂರಿಸಿದರೆ, ಪರೀಕ್ಷೆ ಬರೆಯಲು ಬಿಡದಿದ್ದರೆ, ಆಗ ಸೀಲು ಹಾಕಿದ ಪ್ರತಿ ಮತ್ತು ರಸೀದಿಗಳನ್ನು ಇಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೂರು ಕೊಡಿ. ಬಿಇಒ ಆಫೀಸಿನಲ್ಲಿ ಮೊದಲು ಕೇಳೋದೇ "ಶಾಲೆಗೆ ಬರೆದುಕೊಟ್ಟಿದ್ರಾ?" ಅಂತ.

ಕೊನೆಯದಾಗಿ, ಮಾರ್ಚ್ ತಿಂಗಳ ಬಗ್ಗೆ. ಬಹಳಷ್ಟು ಶಾಲೆಗಳು ಮುಂದಿನ ವರ್ಷದ ಮೊದಲ ಕಂತನ್ನು ಮಾರ್ಚ್, ಏಪ್ರಿಲ್ ಹೊತ್ತಿಗೇ ಕೇಳುತ್ತವೆ. ನಿಮ್ಮ ಕೊನೆಯ 16,500 ಮತ್ತು ಹೊಸ ವರ್ಷದ ಫೀಸು ಒಂದರ ಮೇಲೊಂದು ಬೀಳುತ್ತವೆ. ಮಗಳು ಆಗ 9ಕ್ಕೆ ಹೋಗುತ್ತಾಳೆ, ಹೊರಹಾಕುವಂತಿಲ್ಲ ಅನ್ನೋ ಆ ರಕ್ಷಣೆ 8ಕ್ಕೆ ಮುಗಿಯುತ್ತೆ. ಜನವರಿ 5ಕ್ಕೆ ಹೋದಾಗ ಬರೀ ಕೆಲಸದ ಸುದ್ದಿ ಹೇಳಿ ಬರಬೇಡಿ. ಮುಂದಿನ ವರ್ಷದ ಮೊದಲ ಕಂತು ಯಾವ ತಾರೀಖಿಗೆ, ಎಷ್ಟು, ಅದನ್ನು ಜೂನ್‌ಗೆ ಹಾಕಿಕೊಡ್ತೀರಾ ಅಂತ ಅವತ್ತೇ ಕೇಳಿ, ಇನ್ನೊಂದು ಪತ್ರ ಕೊಟ್ಟು ಅದಕ್ಕೂ ಸೀಲು ಹಾಕಿಸಿಕೊಂಡು ಬನ್ನಿ.